‘ಓಡಬ್ಯಾಡ್ರಿ’ ಅಂದಾಗ ಮಕ್ಕಳು ಓಡಿದರು

(ಕಲಬುರಗಿಯಲ್ಲಿ ಶಾಲಾ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನನ್ನ ತಪ್ಪಿನಿಂದಲೇ ಶುರು ಮಾಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಾನು ಪಿ.ಟಿ. ಮಾಸ್ತರನಾಗಿದ್ದ ಶಾಲೆಯಲ್ಲಿ ಮೊದಲ ಸಲ ಬೆಂಕಿಯ ಮಾಕ್ ಡ್ರಿಲ್ ಮಾಡಿದೆವು. ಕ್ರೀಡಾಕೂಟದಲ್ಲಿ ಮೈಕ್ ಹಿಡಿದು ರೂಢಿ ಇದ್ದವನು ನಾನೊಬ್ಬನೇ. ಹಾಗಾಗಿ ಅನೌನ್ಸ್‌ಮೆಂಟ್ ಕೆಲಸ ನನ್ನ ತಲೆಗೆ ಬಂತು. ಗಂಟೆ ಬಾರಿಸಿದರು, ಮಕ್ಕಳು ವರಾಂಡಕ್ಕೆ ಬಂದರು. ನಾನು ಮೈಕಿನಲ್ಲಿ ಗಂಟಲು ಹರಿಯುವಂತೆ, "ಓಡಬ್ಯಾಡ್ರಿ! ಯಾರೂ ಓಡಬ್ಯಾಡ್ರಿ!" ಅಂದೆ. ಮಕ್ಕಳು ಓಡಿದರು.

ಆಮೇಲೆ ಮೈದಾನದಲ್ಲಿ ಸಿಟ್ಟಿನಿಂದ ಕೇಳಿದೆ, ಯಾಕೆ ಓಡಿದಿರಿ ಅಂತ. ಏಳನೇ ಕ್ಲಾಸಿನ ಒಬ್ಬ ಹುಡುಗಿ ಹೆದರದೆ ಹೇಳಿದಳು: "ಸರ್, ನೀವೇ ಓಡ್ರಿ ಓಡ್ರಿ ಅಂದ್ರಲ್ರೀ."

ಅವಳು ಸುಳ್ಳು ಹೇಳುತ್ತಿರಲಿಲ್ಲ. ಕನ್ನಡದಲ್ಲಿ ‘ಬೇಡ’ ಅನ್ನುವುದು ಮಾತಿನ ಬಾಲದಲ್ಲಿ ಬರುತ್ತದೆ. ಹಿಂದಿಯಲ್ಲಿ ‘ಮತ್ ದೌಡೋ’ ಅಂದರೆ ‘ಮತ್’ ಮೊದಲೇ ಕಿವಿಗೆ ಬೀಳುತ್ತದೆ. ನಮ್ಮಲ್ಲಿ ಹಾಗಲ್ಲ. ‘ಓಡ’ ಅನ್ನುವುದನ್ನು ಉಸಿರು ತುಂಬಿಕೊಂಡು ಜೋರಾಗಿ ಹೇಳುತ್ತೇವೆ. ‘ಬ್ಯಾಡ್ರಿ’ ಅನ್ನುವಷ್ಟರಲ್ಲಿ ಉಸಿರು ಇಳಿದಿರುತ್ತದೆ. ಅದರ ಮೇಲೆ ನಾನೂರು ಮಕ್ಕಳ ಗದ್ದಲ, ಕಲ್ಲಿನ ವರಾಂಡದ ಪ್ರತಿಧ್ವನಿ. ಕೊನೆಗೆ ಕಿವಿಗೆ ತಲುಪುವುದು ‘ಓಡ… ರಿ’ ಅಷ್ಟೇ.

ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ. ಬೆಂಕಿ ಆರಿಸುವುದು ಹೇಗೆ ಅಂತ ಅಗ್ನಿಶಾಮಕದವರು ನನಗಿಂತ ಚೆನ್ನಾಗಿ ಹೇಳುತ್ತಾರೆ. ಚಲಿಸುತ್ತಿರುವ ಗುಂಪಿಗೆ ಯಾವ ಮಾತು ಹೇಳಬೇಕು, ಯಾವ ಕ್ರಮದಲ್ಲಿ ಹೇಳಬೇಕು ಅನ್ನುವುದು ಮಾತ್ರ ನನ್ನ ವಿಷಯ.

ಬರೀ ಗಂಟೆ ಬಾರಿಸಿದರೆ ಸಾಲದೇ ಅಂತ ಕೆಲವರು ಕೇಳುತ್ತಾರೆ. ಇಂಗ್ಲೆಂಡಿನ ನ್ಯೂಕ್ಯಾಸಲ್ ಊರಿನ ಒಂದು ಮೆಟ್ರೋ ನಿಲ್ದಾಣದಲ್ಲಿ ಇದನ್ನೇ ಪರೀಕ್ಷೆ ಮಾಡಿ ನೋಡಿದ್ದಾರೆ. 1991ರಲ್ಲಿ ಅದರ ವರದಿ ಬಂತು. ಬರೀ ಗಂಟೆ ಬಾರಿಸಿದಾಗ ಜನ ಸುಮ್ನೆ ನಿಂತಿದ್ದರು. ಏನಾಗಿದೆ, ಯಾವ ಕಡೆ ಹೋಗಬೇಕು ಅಂತ ಮೈಕಿನಲ್ಲಿ ಬಿಡಿಸಿ ಹೇಳಿದಾಗ ಬೇಗ ಹೊರಟರು. ಜನ ಗಾಬರಿಯಿಂದ ಓಡಿಬಿಡುತ್ತಾರೆ ಅಂತ ನಾವು ಹೆದರುತ್ತೇವೆ. ನಿಜದಲ್ಲಿ ಜಾಸ್ತಿ ಆಗುವುದು ಇನ್ನೊಂದು: ಜನ ಕದಲುವುದೇ ಇಲ್ಲ, ಪಕ್ಕದವರ ಮುಖ ನೋಡುತ್ತಾ ಕೂರುತ್ತಾರೆ.

ನಮ್ಮ ಶಾಲೆಯಲ್ಲಿ ಇನ್ನೂ ಒಂದು ತಮಾಷೆ ಆಯಿತು. ನಾವು ಬಾರಿಸಿದ್ದು ಉದ್ದನೆಯ ಗಂಟೆ. ನಮ್ಮಲ್ಲಿ ಉದ್ದನೆಯ ಗಂಟೆ ಅಂದರೆ ಮನೆಗೆ ಬಿಡುವ ಗಂಟೆ! ಅರ್ಧ ಮಕ್ಕಳು ಪಾಟೀಚೀಲ ಹೆಗಲಿಗೆ ಹಾಕಿಕೊಂಡು ಗೇಟಿನ ಕಡೆ ಹೊರಟಿದ್ದರು. ನಿಮ್ಮ ಶಾಲೆಯಲ್ಲಿ ಹಳಿಯ ತುಂಡು ತೂಗುಹಾಕಿದ್ದರೂ ಸರಿ, ಕರೆಂಟಿನ ಗಂಟೆ ಇದ್ದರೂ ಸರಿ, ಡ್ರಿಲ್‌ಗೆ ಬೇರೆಯದೇ ಸದ್ದು ಇರಲಿ. ನಾವು ಕೈಗಂಟೆಯನ್ನು ಬಿಡದೆ ಬಡಬಡ ಅಲ್ಲಾಡಿಸುವುದು ಅಂತ ಇಟ್ಟುಕೊಂಡೆವು. ಅದೂ ಅರ್ಧ ನಿಮಿಷ ಮಾತ್ರ. ಆಮೇಲೆ ಗಂಟೆ ಪೂರ್ತಿ ನಿಲ್ಲಬೇಕು. ಗಂಟೆಯೂ ಮಾತೂ ಒಟ್ಟಿಗೆ ನಡೆದರೆ ಮಾತು ಸೋಲುತ್ತದೆ.

ಈಗ ಕಟ್ಟಡದ ಲೆಕ್ಕಕ್ಕೆ ಬರೋಣ. ಕಟ್ಟಡ ಗೊತ್ತಿಲ್ಲದೆ ಅನೌನ್ಸ್‌ಮೆಂಟ್ ಬರೆಯಲು ಆಗುವುದಿಲ್ಲ.

ನಮ್ಮದು ನೆಲಮಹಡಿ, ಅದರ ಮೇಲೆ ಒಂದು ಮಹಡಿ. ಕೆಳಗೆ ಆರು, ಏಳನೇ ತರಗತಿ, ಸುಮಾರು 160 ಮಕ್ಕಳು. ಮೇಲೆ ಎಂಟು, ಒಂಬತ್ತು, ಹತ್ತು, ಸುಮಾರು 240 ಮಕ್ಕಳು. ಎರಡು ತುದಿಗೆ ಎರಡು ಪಾವಟಿಗೆ, ಎರಡೂ ಐದು ಅಡಿ ಅಗಲ. ಪೂರ್ವಕ್ಕೆ ಆಫೀಸ್, ಪಶ್ಚಿಮಕ್ಕೆ ಬಿಸಿಯೂಟದ ಅಡುಗೆಮನೆ. ಮೈದಾನದಲ್ಲಿ ಒಂದು ದೊಡ್ಡ ಬೇವಿನ ಗಿಡ. ಡ್ರಿಲ್‌ಗೆ ನಾವು ಅಂದುಕೊಂಡದ್ದು ಅಡುಗೆಮನೆಯಲ್ಲಿ ಸಿಲಿಂಡರ್ ಪೈಪಿಗೆ ಬೆಂಕಿ ಹತ್ತಿದೆ ಅಂತ. ಅಂದರೆ ಪಶ್ಚಿಮದ ಪಾವಟಿಗೆ ಸತ್ತಂತೆ. ಮೇಲಿನ 240 ಮಕ್ಕಳೂ ಪೂರ್ವದ ಪಾವಟಿಗೆಯಿಂದಲೇ ಇಳಿಯಬೇಕು.

ಐದು ಅಡಿ ಪಾವಟಿಗೆಯಲ್ಲಿ ಇಬ್ಬಿಬ್ಬರಾಗಿ ಇಳಿದರೆ ಸೆಕೆಂಡಿಗೆ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಹೊರಬೀಳುತ್ತಾರೆ, ಅಷ್ಟೇ. 240 ಮಕ್ಕಳಿಗೆ ಮೂರೂವರೆ ನಿಮಿಷದ ಹತ್ತಿರ ಬೇಕು. ಎಷ್ಟೇ ಕೂಗಿದರೂ ಪಾವಟಿಗೆ ಅಗಲ ಆಗುವುದಿಲ್ಲ. ನಮ್ಮ ಪಾವಟಿಗೆಗಳು ಶಹಾಬಾದ್ ಕಲ್ಲಿನವು. ವರ್ಷಗಟ್ಟಲೆ ತುಳಿದು ಅಂಚು ನುಣ್ಣಗಾಗಿವೆ. ಮಳೆಗಾಲದಲ್ಲಿ ಒದ್ದೆ ಚಪ್ಪಲಿ ಇಟ್ಟರೆ ಜಾರುತ್ತದೆ. ಅಲ್ಲಿ ಒಬ್ಬ ಬಿದ್ದರೆ ಹಿಂದಿನವರೆಲ್ಲ ಅವನ ಮೇಲೆ.

ಹಾಗಾದರೆ ಯಾರು ಮೊದಲು ಇಳಿಯಬೇಕು? ಪಾವಟಿಗೆಗೆ ಹತ್ತಿರ ಇರುವವರು ಮೊದಲು ಅಂತ ಎಲ್ಲರಿಗೂ ಅನಿಸುತ್ತದೆ. ನಮಗೂ ಅನಿಸಿತ್ತು. ಪೂರ್ವದ ತುದಿಯ ಹತ್ತನೇ ಕ್ಲಾಸಿನವರು ಮೊದಲು ಹೊರಟು ಪಾವಟಿಗೆ ತುಂಬಿದರು. ಅಡುಗೆಮನೆಯ ಮೇಲಿನ ಎಂಟನೇ ಕ್ಲಾಸಿನ ಮಕ್ಕಳು ವರಾಂಡದಲ್ಲಿ ಸಾಲುಗಟ್ಟಿ ನಿಂತರು. ನಿಜವಾದ ಬೆಂಕಿಯಾಗಿದ್ದರೆ ಹೊಗೆ ಮೊದಲು ಬರುತ್ತಿದ್ದುದು ಅವರ ಹತ್ತಿರವೇ. ಅದಕ್ಕೆ ಕ್ರಮ ತಿರುಗಿಸಿದೆವು. ಬೆಂಕಿಗೆ ಹತ್ತಿರದ ಎಂಟನೇ ಕ್ಲಾಸ್ ಮೊದಲು, ನಡುವಿನ ಒಂಬತ್ತನೇ ಕ್ಲಾಸ್ ಆಮೇಲೆ, ಪಾವಟಿಗೆ ಬಾಜು ಇರುವ ಹತ್ತನೇ ಕ್ಲಾಸ್ ಕೊನೆಗೆ. ಕೆಳಗಿನವರು ಯಾರಿಗೂ ಕಾಯುವುದು ಬೇಡ. ವರಾಂಡದಿಂದ ನೇರ ಮೈದಾನಕ್ಕೆ ಇಳಿದುಬಿಡಬೇಕು. ಆದರೆ ಪೂರ್ವದ ಪಾವಟಿಗೆಯ ಬುಡಕ್ಕೆ ಹೋಗಿ ಸೇರಬಾರದು.

ಕಾಗದದ ಮೇಲೆ ಇದು ಸುಲಭ. ಬಾಯಲ್ಲಿ ಹೇಳುವಾಗ ಕಷ್ಟ. "ಒಂಬತ್ತನೇ ಕ್ಲಾಸ್, ಈಗ ಬರ್ರಿ" ಅಂದೆ. ಹತ್ತನೇ ಕ್ಲಾಸೂ ಎದ್ದು ಬಂತು. ಯಾಕೆ ಅಂತ ಆಮೇಲೆ ಹೊಳೆಯಿತು. ಒಂಬತ್ತು, ಹತ್ತು, ಎರಡರ ಬಾಲವೂ ‘ತ್ತು’. ವರಾಂಡದ ಪ್ರತಿಧ್ವನಿಯಲ್ಲಿ ‘…ತ್ತನೇ ಕ್ಲಾಸ್’ ಮಾತ್ರ ಉಳಿಯುತ್ತದೆ. ಇಂಗ್ಲಿಷಿನಲ್ಲಿ ನೈಂತ್, ಟೆಂತ್ ಅಂದರೆ ಇನ್ನೂ ಕಷ್ಟ. ಅದಕ್ಕೆ ತರಗತಿಯ ನಂಬರನ್ನೇ ಬಿಟ್ಟೆವು. ‘ಅಡುಗೆಮನೆ ಬಾಜು’, ‘ನಡುವಿನ ಕೋಣೆ’, ‘ಆಫೀಸ್ ಬಾಜು’ ಅಂತ ಕರೆದೆವು. ಮೂರೂ ಶುರುವಿನಲ್ಲೇ ಬೇರೆ ಬೇರೆ ಕೇಳಿಸುತ್ತವೆ.

ನಮ್ಮ ಭಾಗದ ಮಾತಿನಲ್ಲಿ ಇಂಥ ಜೋಡಿ ಇನ್ನೂ ಇವೆ. ‘ಕುಂದ್ರಿ’, ‘ನಿಂದ್ರಿ’. ಒಂದು ಕೂರುವುದು, ಇನ್ನೊಂದು ನಿಲ್ಲುವುದು. ದೂರದಿಂದ ಎರಡೂ ‘…ಂದ್ರಿ’! ಹತ್ತನೇ ಕ್ಲಾಸಿನವರಿಗೆ ಸುಮ್ಮನೆ "ಕುಂದ್ರಿ" ಅಂದರೆ ಅರ್ಧ ಜನ ಎದ್ದು ನಿಲ್ಲುತ್ತಾರೆ. "ಬೆಂಚಿನ ಮ್ಯಾಲೆ ಕುಂದ್ರಿ" ಅಂದರೆ ಬೆಂಚು ಅನ್ನುವ ಮಾತೇ ಕೆಲಸ ಮಾಡಿಕೊಡುತ್ತದೆ. ‘ನಡೀರಿ’ ಕೂಡ ಅಷ್ಟೇ ಮೋಸದ್ದು. ಪುಸ್ತಕದಲ್ಲಿ ನಡೆಯಿರಿ ಅಂದರೆ ಓಡದೆ ನಡೆಯುವುದು. ನಮ್ಮ ಬಾಯಲ್ಲಿ "ನಡೀರಿ ನಡೀರಿ" ಅಂದರೆ ‘ಬೇಗ ಹೊರಡಿ’ ಅಂತ ಅರ್ಥ. ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹೇಳುವುದೂ ಅದನ್ನೇ ಅಲ್ವಾ? ಅದಕ್ಕೆ ‘ಸಾವಕಾಶ’ ಅನ್ನುವುದನ್ನು ಮೊದಲು ಇಡಬೇಕು. "ಸಾವಕಾಶ ಬರ್ರಿ." ಮೊದಲ ಮಾತೇ ವೇಗ ಇಳಿಸುತ್ತದೆ.

ಎಡ, ಬಲ ಅನ್ನುವುದನ್ನೂ ಬಿಟ್ಟೆವು. ಮೈಕ್ ಹಿಡಿದವನು ಗುಂಪಿಗೆ ಎದುರಾಗಿ ನಿಂತಿರುತ್ತಾನೆ. ಅವನ ಎಡ ಅವರ ಬಲ. ಆಫೀಸು, ಅಡುಗೆಮನೆ, ಬೇವಿನ ಗಿಡ ಯಾವ ಕಡೆ ತಿರುಗಿದರೂ ತಮ್ಮ ಜಾಗದಲ್ಲೇ ಇರುತ್ತವೆ.

ನಡೆಯುತ್ತಿರುವ ಗುಂಪಿನ ಇನ್ನೊಂದು ಗುಣ ನನಗೆ ತಿಳಿದದ್ದು ತೀರ ತಡವಾಗಿ. ಕೂತ ಮಕ್ಕಳು ನಿಮ್ಮ ಮಾತನ್ನು ಪೂರ್ತಿ ಕೇಳುತ್ತಾರೆ. ನಡೆಯುವ ಮಕ್ಕಳು ನಿಮ್ಮ ಮುಂದೆ ಹಾದುಹೋಗುವ ಐದಾರು ಸೆಕೆಂಡು ಮಾತ್ರ ಕೇಳುತ್ತಾರೆ. ನಾನು ಮೊದಲು ಬರೆದುಕೊಂಡಿದ್ದು ಹೀಗಿತ್ತು: "ಪೂರ್ವದ ಪಾವಟಿಗೆಯಿಂದ ಇಳಿದು, ಅಲ್ಲಿಂದ ವರಾಂಡ ದಾಟಿ, ಆಮೇಲೆ ಮೈದಾನದಲ್ಲಿ ನಿಮ್ಮ ನಿಮ್ಮ ಸಾಲಿನಲ್ಲಿ…" ನಡುವೆ ಬಂದ ಹುಡುಗನಿಗೆ ‘ಅಲ್ಲಿಂದ’ ಅಂದರೆ ಎಲ್ಲಿಂದ? ಹಾಗಾಗಿ ಒಂದೊಂದು ವಾಕ್ಯವೂ ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ‘ಅದು’, ‘ಅಲ್ಲಿ’, ‘ಆಮೇಲೆ’ ಒಂದೂ ಇರಬಾರದು. ಒಂದೇ ಉಸಿರಿಗೆ ಮುಗಿಯಬೇಕು. ಅದನ್ನೇ ಮತ್ತೆ ಮತ್ತೆ, ಅದೇ ಪದಗಳಲ್ಲಿ, ಅದೇ ದನಿಯಲ್ಲಿ ಹೇಳಬೇಕು. ಹೇಳುವವನಿಗೆ ಬೇಜಾರು ಬರುತ್ತದೆ, ನಾಲ್ಕನೇ ಸಲಕ್ಕೆ ಪದ ಬದಲಿಸಬೇಕು ಅನಿಸುತ್ತದೆ. ಬದಲಿಸಬಾರದು. ಮಾತು ಬದಲಾದರೆ ಪರಿಸ್ಥಿತಿ ಬದಲಾಯಿತು ಅಂತ ಗುಂಪು ತಿಳಿದುಕೊಳ್ಳುತ್ತದೆ.

ಕರೆಂಟಿನ ವಿಷಯ ಮರೆಯುವ ಹಾಗಿಲ್ಲ. ಬೆಂಕಿ ಅಂದ ತಕ್ಷಣ ಮೇನ್ ಸ್ವಿಚ್ ತೆಗೆಯಬೇಕು ಅಂತ ನಾವೇ ಕಲಿಸಿದ್ದೆವು. ಅವತ್ತು ಜವಾನರು ಶಿಸ್ತಾಗಿ ತೆಗೆದರು. ನನ್ನ ಮೈಕ್ ನಡುಮಾತಿನಲ್ಲಿ ಸತ್ತುಹೋಯಿತು. ನಗು ಬರುತ್ತದೆ, ಆದರೆ ಇದು ನಗುವ ವಿಷಯವಲ್ಲ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಜನ ಸತ್ತರು. ಕರೆಂಟ್ ಹೋಗಿ ಒಳಗೆ ಕತ್ತಲಾಗಿತ್ತು, ಹೊರಗೆ ಬನ್ನಿ ಅಂತ ಪ್ರೇಕ್ಷಕರಿಗೆ ಯಾರೂ ಮೈಕಿನಲ್ಲಿ ಹೇಳಿರಲಿಲ್ಲ. ಅದಕ್ಕೆ ಗೋಡೆಯ ಸ್ಪೀಕರನ್ನೇ ನಂಬಬೇಡಿ. ಸೆಲ್ ಹಾಕುವ ಮೆಗಾಫೋನ್ ಎರಡು ಇರಲಿ, ಒಂದು ಮೇಲಿನ ವರಾಂಡಕ್ಕೆ, ಒಂದು ಪಾವಟಿಗೆಯ ಬುಡಕ್ಕೆ. ಸೆಲ್ ತಿಂಗಳಿಗೊಮ್ಮೆ ನೋಡಿ. ಮೆಗಾಫೋನಿನಲ್ಲಿ ಸೈರನ್ ಬಟನ್ ಮಾತಿನ ಬಟನ್ ಪಕ್ಕದಲ್ಲೇ ಇರುತ್ತದೆ. ಗಡಿಬಿಡಿಯಲ್ಲಿ ಬೆರಳು ಅದರ ಮೇಲೆ ಹೋಗುತ್ತದೆ. ನಾವು ಅದರ ಮೇಲೆ ಟೇಪ್ ಅಂಟಿಸಿದೆವು.

ದನಿ ಹೇಗಿರಬೇಕು? ಶಾಂತವಾಗಿ ಅಂದರೆ ಮೆಲ್ಲಗೆ ಅಂತ ಅಲ್ಲ. ಜೋರಾಗಿಯೇ ಹೇಳಬೇಕು, ಆದರೆ ದನಿ ಮೇಲೆ ಏರಬಾರದು. ಏರಿದ ದನಿ ಕಿರುಚಿದ ಹಾಗಾಗುತ್ತದೆ, ಪದ ಒಡೆದುಹೋಗುತ್ತದೆ. ಪ್ರತಿ ವಾಕ್ಯ ಆದ ಮೇಲೆ ಎರಡು ಸೆಕೆಂಡು ಸುಮ್ಮನಿರಬೇಕು, ಪ್ರತಿಧ್ವನಿ ಆರಲಿ ಅಂತ. ಗಂಟೆ ನಿಂತ ಮೇಲೆ ಹೇಳುವ ಮೊಟ್ಟಮೊದಲ ಪದ ಹೇಗೂ ಕಳೆದುಹೋಗುತ್ತದೆ. ಅದಕ್ಕೆ ಕಳೆದರೂ ನಷ್ಟವಿಲ್ಲದ ಪದವನ್ನು ಮೊದಲು ಇಡಿ: "ಮಕ್ಕಳೇ, ಕೇಳ್ರಿ."

ಈಗ ನಮ್ಮ ಚೀಟಿಗಳು. ಒಂದೇ ಉದ್ದ ಭಾಷಣ ಬರೆಯಬೇಡಿ. ಬೇರೆ ಬೇರೆ ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ಬರೆಯಿರಿ. ಮುಂದಿನ ಚೀಟಿಗೆ ಹೋಗುವುದು ಗಡಿಯಾರ ನೋಡಿ ಅಲ್ಲ, ಕಣ್ಣೆದುರು ಏನಾಗಿದೆ ಅಂತ ನೋಡಿ.

ಮೊದಲ ಚೀಟಿ, ಗಂಟೆ ನಿಂತ ತಕ್ಷಣ:

"ಮಕ್ಕಳೇ, ಕೇಳ್ರಿ. ಇದು ಡ್ರಿಲ್. ಅಡುಗೆಮನೆಯಾಗ ಬೆಂಕಿ. ಆಫೀಸ್ ಬಾಜು ಪಾವಟಿಗೆ ಇಳೀರಿ. ಬೇವಿನ ಗಿಡದ ಹತ್ರ ಸೇರ್ರಿ. ಚೀಲ ಬೆಂಚಿನ ಮ್ಯಾಲೆ ಇರ್ಲಿ."

ಇದನ್ನು ಎರಡು ಸಲ. ಚೀಲ ‘ತಗೋಬ್ಯಾಡ್ರಿ’ ಅಂತ ಬರೆದಿಲ್ಲ, ನೋಡಿ. ‘ಇರ್ಲಿ’ ಅಂತ ಬರೆದಿದ್ದೇವೆ. ಪಶ್ಚಿಮದ ಪಾವಟಿಗೆಗೆ ‘ಹೋಗಬ್ಯಾಡ್ರಿ’ ಅಂತಲೂ ಇಲ್ಲ. ಅದರ ಹೆಸರೇ ಎತ್ತಿಲ್ಲ. ಹೆಸರು ಹೇಳಿದರೆ ಹೆಸರಷ್ಟೇ ಕೇಳಿ ಅತ್ತ ಹೋಗುವವರು ಇರುತ್ತಾರೆ. ಅಲ್ಲಿ ಒಬ್ಬ ಮೇಷ್ಟ್ರು ಕೈ ಅಡ್ಡ ಮಾಡಿ ನಿಲ್ಲುವುದು ಸಾಕು.

ಎರಡನೇ ಚೀಟಿ, ಮೇಲಿನ ವರಾಂಡಕ್ಕೆ:

"ಅಡುಗೆಮನೆ ಬಾಜು ಕೋಣೆ, ಈಗ ಹೊರಗ ಬರ್ರಿ. ನಡುವಿನ ಕೋಣೆ, ಬೆಂಚಿನ ಮ್ಯಾಲೆ ಕುಂದ್ರಿ. ಆಫೀಸ್ ಬಾಜು ಕೋಣೆ, ಬೆಂಚಿನ ಮ್ಯಾಲೆ ಕುಂದ್ರಿ. ಹೊಗಿ ಹತ್ರ ಇದ್ದವರು ಮೊದಲು. ಎಲ್ಲರ ಸರದಿ ಬರ್ತದ."

ಕಾಯಿಸುವವರಿಗೆ ಕಾರಣ ಹೇಳಲೇಬೇಕು. ಕಾರಣ ಹೇಳದೆ ಕೂರಿಸಿದರೆ ತಮ್ಮನ್ನು ಮರೆತರು ಅಂತ ಮಕ್ಕಳು ಎದ್ದುಬಿಡುತ್ತಾರೆ. ಎಂಟನೇ ಕ್ಲಾಸಿನ ಕೊನೆಯ ಹುಡುಗ ನಡುವಿನ ಕೋಣೆಯ ಬಾಗಿಲು ದಾಟಿದ ಮೇಲೆ, "ನಡುವಿನ ಕೋಣೆ, ಈಗ ಹೊರಗ ಬರ್ರಿ." ಹಾಗೆಯೇ ಮುಂದಿನದು. ಕಾಯುವ ಕೋಣೆಗೆ ಹೊಗೆ ಬಂದರೆ ಈ ಸರದಿ ಅಲ್ಲಿಗೆ ಮುಗಿಯಿತು. ಆಗ ಎಲ್ಲರನ್ನೂ ಹೊರಡಿಸಬೇಕು.

ಮೂರನೇ ಚೀಟಿ ಪಾವಟಿಗೆಯ ಬುಡದಲ್ಲಿ ನಿಂತವರಿಗೆ. ಮೂರೇ ವಾಕ್ಯ, ಬಿಡದೆ:

"ಸಾವಕಾಶ ಬರ್ರಿ. ಇಬ್ಬಿಬ್ಬರು ಬರ್ರಿ. ಬೇವಿನ ಗಿಡದ ಕಡಿ ಹೋಗ್ರಿ."

ಬೇವಿನ ಗಿಡದ ಕಡೆ ಅನ್ನುವುದು ಇಲ್ಲಿ ಮುಖ್ಯ. ಕೆಳಗೆ ಬಂದ ಮಕ್ಕಳು ‘ಬಂದೆವು’ ಅಂತ ಅಲ್ಲೇ ನಿಂತುಬಿಡುತ್ತಾರೆ. ಹಿಂದಿನವರು ಪಾವಟಿಗೆಯ ಮೇಲೆ ಸಿಕ್ಕಿಕೊಳ್ಳುತ್ತಾರೆ. ಮೊದಲ ಡ್ರಿಲ್‌ನಲ್ಲಿ ನಮ್ಮ ಸಾಲು ನಿಂತದ್ದು ಮೇಲೆ ಅಲ್ಲ, ಬುಡದಲ್ಲಿ. ಮೇಲಿದ್ದ ನನಗೆ ಸಾಲು ಯಾಕೆ ನಿಂತಿದೆ ಅಂತ ಕಾಣಲಿಲ್ಲ, ಬೇಗ ಬೇಗ ಅಂತ ಕೂಗುತ್ತಿದ್ದೆ. ಮೇಲಿನ ಸಾಲು ನಿಂತರೆ ಮೊದಲು ಬುಡ ನೋಡಿಸಿ.

ನಾಲ್ಕನೇ ಚೀಟಿ ಗಿಡದ ಕೆಳಗೆ. "ಮೇಷ್ಟ್ರೇ, ಹಾಜರಿ ತಗೋರಿ. ಎಲ್ಲರೂ ಇದ್ದರ ಪುಸ್ತಕ ಮ್ಯಾಲೆ ಎತ್ತರಿ." ಹಾಜರಿ ಪುಸ್ತಕ ಎತ್ತಿದ ಕೈಗಳನ್ನು ದೂರದಿಂದಲೇ ಎಣಿಸಬಹುದು. ಎತ್ತದ ಕೈ ಯಾವುದೋ ಅಲ್ಲಿಗೆ ಹೋಗಿ ಕೇಳಬೇಕು. ಕಾಣದ ಮಗುವಿನ ಹೆಸರನ್ನು ಮೈಕಿನಲ್ಲಿ ಕೂಗಬಾರದು. ಕೂಗಿದರೆ ಅದರ ಅಕ್ಕನೋ ತಮ್ಮನೋ ಸಾಲು ಬಿಟ್ಟು ಒಳಗೆ ಓಡುತ್ತಾರೆ.

ಒಂದು ಚೀಟಿ ಕೆಂಪು ರಟ್ಟಿನದು, ಬೇರೆ ಇಟ್ಟಿದ್ದೇವೆ. ಡ್ರಿಲ್ ನಡೆಯುವಾಗಲೇ ಯಾರಾದರೂ ನಿಜವಾಗಿ ಬಿದ್ದರೆ, ನಿಜವಾಗಿ ಹೊಗೆ ಬಂದರೆ? "ಇದು ಡ್ರಿಲ್ ಅಲ್ಲ" ಅನ್ನಬೇಕು ಅಂತ ಯಾರೋ ಬರೆದಿದ್ದರು. ಮತ್ತೆ ಅದೇ ಬಾಲ! ‘ಅಲ್ಲ’ ಹಾರಿಹೋದರೆ ಉಳಿಯುವುದು ‘ಇದು ಡ್ರಿಲ್’. ಅದಕ್ಕೆ ಕೆಂಪು ಚೀಟಿಯಲ್ಲಿ ಇರುವುದು ಇಷ್ಟೇ: "ಖರೇ, ಖರೇ, ಖರೇ." ಆಮೇಲೆ ಏನಾಗಿದೆ, ಎಲ್ಲಿ ಅಂತ. ನಮ್ಮಲ್ಲಿ ‘ಖರೇ’ ಅಂದರೆ ಕನ್ನಡದವರಿಗೂ ಗೊತ್ತು, ಮರಾಠಿಯವರಿಗೂ ಗೊತ್ತು.

ಉರ್ದು ಮಾತಾಡುವ ಮಕ್ಕಳಿಗೆ ಏನು ಮಾಡುತ್ತೀರಿ ಅಂತ ಒಬ್ಬ ಅಕ್ಕೋರು ಚೀಟಿ ಕಳಿಸಿದ್ದಾರೆ. ಶಾಲೆಯಲ್ಲಿ ಅಭ್ಯಾಸ ಮಾಡಿಸಿದ ಮಕ್ಕಳಿಗೆ ಕನ್ನಡ ಸಾಕಾಗುತ್ತದೆ. ಹೊರಗಿನ ಜನ ಬಂದುಹೋಗುವ ಸರ್ಕಾರಿ ಆಫೀಸುಗಳಲ್ಲಿ ಸಾಕಾಗುವುದಿಲ್ಲ. ಆಳಂದ, ಅಫಜಲಪುರ, ಜೇವರ್ಗಿಯಿಂದ ಕೆಲಸಕ್ಕೆ ಬಂದ ಜನಕ್ಕೆ ಕಟ್ಟಡವೇ ಹೊಸದು. ಜನ ಬಂದ ಬಾಗಿಲಿನಿಂದಲೇ ಹೋಗಲು ನೋಡುತ್ತಾರೆ, ಹತ್ತಿರದಲ್ಲೇ ಇನ್ನೊಂದು ಬಾಗಿಲು ಇದ್ದರೂ. ಅಲ್ಲಿ ಪೂರ್ತಿ ಕನ್ನಡದಲ್ಲಿ ಎರಡು ಸಲ ಹೇಳಿ, ಆಮೇಲೆ ಹಿಂದಿಯಲ್ಲಿ ಎಲ್ಲಿ ಬೆಂಕಿ, ಯಾವ ಬಾಗಿಲು ಅನ್ನುವ ಎರಡೇ ವಾಕ್ಯ ಹೇಳಿ. ಒಂದು ವಾಕ್ಯ ಕನ್ನಡ, ಒಂದು ವಾಕ್ಯ ಹಿಂದಿ ಅಂತ ಹೆಣೆದರೆ ಯಾರಿಗೂ ಪೂರ್ತಿ ತಿಳಿಯುವುದಿಲ್ಲ.

ಭೂಕಂಪಕ್ಕೆ ಈ ಚೀಟಿಗಳನ್ನು ಓದಬೇಡಿ. 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪ ಇಲ್ಲಿ ಹಿರಿಯರಿಗೆ ನೆನಪಿದೆ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಜನ ನಡುಕಕ್ಕೆ ಹೆದರಿ ಹೊರಗೆ ಮಲಗಿದ್ದರು. ನೆಲ ನಡುಗುವಾಗ ಪಾವಟಿಗೆಗೆ ಕಳಿಸುವುದೇ ಅಪಾಯ. ಆಗ ಮೊದಲ ಮಾತು "ಬೆಂಚಿನ ಕೆಳಗ ಸೇರ್ರಿ, ಬೆಂಚಿನ ಕಾಲು ಹಿಡೀರಿ". ನಡುಕ ನಿಂತ ಮೇಲೆ ಹೊರಗೆ. ಎರಡಕ್ಕೂ ಒಂದೇ ಗಂಟೆ ಇಟ್ಟರೆ ಮಕ್ಕಳಿಗೆ ಏನು ಮಾಡಬೇಕು ಅಂತಲೇ ತಿಳಿಯುವುದಿಲ್ಲ. ನಡುಗಿದ್ದು ಅವರಿಗೇ ಗೊತ್ತಾಗುತ್ತದೆ, ಅದಕ್ಕೆ ಗಂಟೆ ಬೇಕಾಗಿಲ್ಲ.

ಪಾವಟಿಗೆಯಲ್ಲೇ ಹೊಗೆ ತುಂಬಿದರೆ ಚೀಟಿಗಳ ಶಕ್ತಿ ಮುಗಿಯಿತು. ಆಗ ಮಕ್ಕಳನ್ನು ಕೋಣೆಯಲ್ಲೇ ಇಟ್ಟು, ಬಾಗಿಲು ಮುಚ್ಚಿ, ಸಂದಿಗೆ ಬಟ್ಟೆ ತುರುಕಿ, ಕಿಟಕಿಯಿಂದ ಕೂಗಬೇಕು. ಅದನ್ನು ಮೇಷ್ಟ್ರು ಕೋಣೆಯಲ್ಲೇ ನಿರ್ಧರಿಸಬೇಕು, ಮೈಕ್ ಹಿಡಿದವನಿಗೆ ಅಲ್ಲಿಂದ ಕಾಣುವುದಿಲ್ಲ. ಗಾಲಿಕುರ್ಚಿಯ ಮಗುವಿಗೂ ಹಾಗೆಯೇ. ಯಾರು ಕರೆತರಬೇಕು ಅಂತ ಮೊದಲೇ ಇಬ್ಬರನ್ನು ಗೊತ್ತು ಮಾಡಿರಬೇಕು. ಮೈಕಿನಲ್ಲಿ ಹೇಳಿ ಆಗುವ ಕೆಲಸ ಅಲ್ಲ ಅದು.

ಕೊನೆಯ ಚೀಟಿಯನ್ನು ನಾವು ಬರೆಯಲೇ ಇಲ್ಲ, ಮೊದಲ ಸಲ. ಹಾಜರಿ ಮುಗಿಯಿತು, ಮೇಷ್ಟ್ರುಗಳು ಮಾತಿಗೆ ನಿಂತರು. ಮಾರ್ಚ್ ತಿಂಗಳ ನಮ್ಮ ಬಿಸಿಲು ನಿಮಗೆ ಗೊತ್ತೇ ಇದೆ. ಗಿಡದ ನೆರಳು ನೂರು ಮಕ್ಕಳಿಗೂ ಸಾಲದು. ಒಂದು ಹುಡುಗಿ ತಲೆ ತಿರುಗಿ ಕೂತಳು. ಈಗ ಆ ಚೀಟಿ ಇದೆ: "ಡ್ರಿಲ್ ಮುಗೀತು. ಬಿಸಿಲಾಗ ಇದ್ದವರು ಮೊದಲು ಒಳಗ ಹೋಗ್ರಿ. ನೀರು ಕುಡೀರಿ." ಡ್ರಿಲ್ಲನ್ನು ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಇಟ್ಟುಕೊಂಡಿದ್ದೇವೆ.

ನೀವು ರಜೆಯಲ್ಲಿದ್ದರೆ ಯಾರು ಓದುತ್ತಾರೆ ಅಂತ ಹಿಂದಿನ ಸಾಲಿನಿಂದ ಕೇಳಿದರು. ಚೀಟಿಗಳು ಗಂಟೆಯ ಪಕ್ಕದ ಮೊಳೆಗೇ ತೂಗುಹಾಕಿವೆ. ಮೂರನೇ ಡ್ರಿಲ್ ದಿನ ನಾನು ಬೇಕಂತಲೇ ಶಾಲೆಗೆ ಹೋಗಲಿಲ್ಲ. ಗಂಟೆ ಬಾರಿಸುವ ಆಯಾ ಓದಿದರು. ನನ್ನ ಚೀಟಿಯಲ್ಲಿ ಮೊದಲು ಇದ್ದದ್ದು ‘ಮೈದಾನದ ಸುರಕ್ಷಿತ ಸ್ಥಳಕ್ಕೆ ತೆರಳಿರಿ’ ಅಂತ. ಆಯಾ ಅದನ್ನು ಒಮ್ಮೆ ನೋಡಿ, "ಇದು ನನ್ನ ಬಾಯಾಗ ಬರಂಗಿಲ್ಲ" ಅಂತ ಬದಿಗಿಟ್ಟು, "ಬೇವಿನ ಗಿಡದ ಕಡಿ ಹೋಗ್ರಿ" ಅಂದರಂತೆ. ನಾನು ನಿಮಗೆ ಈಗ ಓದಿದ ಚೀಟಿ ಅವರದ್ದು.